68 ಲಕ್ಷದ ಫ್ಲ್ಯಾಟಿಗೆ ಟಿಡಿಎಸ್ ಎಷ್ಟು? 18,000 ಅಲ್ಲ, 68,000ವೂ ಅಲ್ಲ

"ಸಾರ್, ಐವತ್ತು ಲಕ್ಷದವರೆಗೆ ಟಿಡಿಎಸ್ ಇಲ್ಲ ಅಲ್ವಾ? ಹಾಗಾದ್ರೆ ಮೇಲಿನ ಹದಿನೆಂಟು ಲಕ್ಷಕ್ಕೆ ಮಾತ್ರ ಒಂದು ಪರ್ಸೆಂಟ್ ಹಿಡಿದರೆ ಸಾಕಲ್ವಾ?"

2025ರ ಜುಲೈ ಎರಡನೇ ವಾರ, ನಾನು ಕೆಲಸ ಮಾಡುವ ಆಡಿಟರ್ ಆಫೀಸಿಗೆ ಬಂದ ಗಂಡ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಇದು. ಮೈಸೂರಿನ ಕುವೆಂಪುನಗರದಲ್ಲಿ ಒಂದು ಹಳೆಯ ಫ್ಲ್ಯಾಟನ್ನು 68 ಲಕ್ಷಕ್ಕೆ ಮಾತಾಡಿದ್ದರು. ಮಾರುವವರು ನಿವೃತ್ತ ಮೇಷ್ಟ್ರು. ಕರಾರು ಆಗಿತ್ತು, ಎರಡು ಕಂತು ದುಡ್ಡೂ ಹೋಗಿತ್ತು, ರಿಜಿಸ್ಟ್ರೇಷನ್‌ಗೆ ಒಂದು ವಾರ ಬಾಕಿ. ಬ್ಯಾಂಕಿನವರು "ಟಿಡಿಎಸ್ ಚಲನ್ ಕೊಡಿ" ಅಂದಾಗಲೇ ಇವರಿಗೆ ಈ ವಿಷಯ ಗೊತ್ತಾಗಿದ್ದು. ಟಿಡಿಎಸ್ ಅಂದರೆ ಕೊಳ್ಳುವವರು ಬೆಲೆಯಲ್ಲಿ ಒಂದು ಪಾಲನ್ನು ಮಾರುವವರ ತೆರಿಗೆ ಅಂತ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವುದು. ಗುರುತು ಸಿಗದ ಹಾಗೆ ಅಂಕಿಗಳನ್ನು ಸ್ವಲ್ಪ ಬದಲಾಯಿಸಿ ಅವರ ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ. ಮನೆ ಕೊಳ್ಳುವವರು ಎಡವುವ ಜಾಗಗಳಲ್ಲಿ ಹೆಚ್ಚಿನವು ಈ ಒಂದೇ ವ್ಯವಹಾರದಲ್ಲಿ ಇದ್ದವು.

ಮೊದಲು ಅವರ ಪ್ರಶ್ನೆ. ಇಲ್ಲ, 18 ಲಕ್ಷಕ್ಕೆ ಮಾತ್ರ ಅಲ್ಲ. ಸಂಬಳದ ಆದಾಯ ತೆರಿಗೆಯಲ್ಲಿ ಸ್ಲ್ಯಾಬ್ ಇರುವುದರಿಂದ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಅಲ್ಲಿ ಮಿತಿಯ ಮೇಲಿನ ಭಾಗಕ್ಕೆ ಮಾತ್ರ ತೆರಿಗೆ. ಇಲ್ಲಿ 50 ಲಕ್ಷ ಅನ್ನುವುದು ಹೊಸ್ತಿಲು ಇದ್ದ ಹಾಗೆ. ದಾಟಿದಿರೋ, ಪೂರ್ತಿ ಮನೆಯೇ ಲೆಕ್ಕಕ್ಕೆ ಬರುತ್ತದೆ. ಮೊದಲ ರೂಪಾಯಿಯಿಂದಲೇ ಒಂದು ಪರ್ಸೆಂಟು. ಇನ್ನೊಂದು ಸಣ್ಣ ವಿಷಯ: ಕಾನೂನು ಬಿಡುವುದು 50 ಲಕ್ಷಕ್ಕಿಂತ ಕಡಿಮೆ ಇದ್ದರೆ ಮಾತ್ರ. ಸರಿಯಾಗಿ 50,00,000ಕ್ಕೆ ಕೊಂಡರೆ 50,000 ರೂಪಾಯಿ ಹಿಡಿಯಬೇಕು. ರೌಂಡ್ ಫಿಗರ್ ಚೆಂದ ಅಂತ ಸುಮ್ನೆ 50ಕ್ಕೆ ಒಪ್ಪಿದವರು ಆಮೇಲೆ ತಲೆ ಕೆರೆದುಕೊಂಡದ್ದನ್ನು ನೋಡಿದ್ದೇನೆ.

ಈ ನಿಯಮ ಬಂದದ್ದು 2013ರ ಜೂನ್ 1ರಿಂದ. ಆ ವರ್ಷದ ಬಜೆಟ್ ಭಾಷಣದಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಕಾರಣವನ್ನೂ ಹೇಳಿದ್ದರು. ಆಸ್ತಿ ವ್ಯವಹಾರಗಳಲ್ಲಿ ಬೆಲೆಯನ್ನು ಕಡಿಮೆ ತೋರಿಸುತ್ತಾರೆ, ಅರ್ಧದಷ್ಟು ವ್ಯವಹಾರಗಳಲ್ಲಿ ಪ್ಯಾನ್ ನಂಬರೇ ಇರುವುದಿಲ್ಲ ಅಂತ. ಅಂದರೆ ಸರ್ಕಾರಕ್ಕೆ ಬೇಕಿದ್ದದ್ದು ಈ ಒಂದು ಪರ್ಸೆಂಟ್ ದುಡ್ಡಿಗಿಂತ ಜಾಸ್ತಿ, ಯಾರು ಯಾರಿಗೆ ಎಷ್ಟಕ್ಕೆ ಮಾರಿದರು ಅನ್ನುವ ಮಾಹಿತಿ. ಅದನ್ನು ಬರೆದುಕೊಡುವ ಕೆಲಸ ಕೊಳ್ಳುವವರ ಹೆಗಲಿಗೆ ಬಿತ್ತು. ಆದಾಯ ತೆರಿಗೆ ಕಾಯ್ದೆ 1961ರಲ್ಲಿ ಇದು ಕಲಂ 194-ಐಎ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಯಾಗಿ, ಇದೇ ವಿಷಯ ಅದರ ಕಲಂ 393ರೊಳಗೆ ಸೇರಿಕೊಂಡಿದೆ. ಒಂದು ಪರ್ಸೆಂಟು, 50 ಲಕ್ಷ ಎರಡೂ ಹಾಗೇ ಇವೆ. ಹೊಸ ಕಾಯ್ದೆಯ ಜೊತೆ ಫಾರಂ ನಂಬರುಗಳೂ ಬದಲಾಗಿರುವುದರಿಂದ, ಈಗ ಕಟ್ಟುವವರು ಪೋರ್ಟಲ್‌ನಲ್ಲಿ ಕಾಣುವ ನಂಬರನ್ನೇ ನೋಡಿಕೊಳ್ಳಬೇಕು. ನಮ್ಮ ದಂಪತಿಯದು 2025ರ ವ್ಯವಹಾರ, ಹಾಗಾಗಿ ಇಲ್ಲಿ ಹಳೆಯ ಹೆಸರುಗಳನ್ನೇ ಬಳಸುತ್ತೇನೆ.

ಹಾಗಾದರೆ 68 ಲಕ್ಷದ ಒಂದು ಪರ್ಸೆಂಟು 68,000. ಆಕೆ ಫೋನಿನಲ್ಲೇ ಲೆಕ್ಕ ಹಾಕಿ ತೋರಿಸಿದರು. ಅದೂ ತಪ್ಪು.

ನಾನು ಕೇಳಿದ್ದು: "ಗೈಡೆನ್ಸ್ ವ್ಯಾಲ್ಯೂ ಎಷ್ಟು ಬರುತ್ತೆ ನೋಡಿದ್ದೀರಾ?"

ನೋಡಿದ್ದರು. ಸ್ಟ್ಯಾಂಪ್ ಡ್ಯೂಟಿಗೆ ದುಡ್ಡು ಹೊಂದಿಸಲು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಲೆಕ್ಕ ತೆಗೆಸಿದ್ದರು. ಕಾರ್ ಪಾರ್ಕಿಂಗ್ ಸೇರಿ 71,40,000 ಬಂದಿತ್ತು. 2022ರ ಏಪ್ರಿಲ್ 1ರಿಂದ ನಿಯಮ ಹೀಗಿದೆ: ನೀವು ಕೊಡುವ ಬೆಲೆ, ಸ್ಟ್ಯಾಂಪ್ ಡ್ಯೂಟಿಗೆ ಸರ್ಕಾರ ಹಿಡಿಯುವ ಬೆಲೆ ಅಂದರೆ ಗೈಡೆನ್ಸ್ ವ್ಯಾಲ್ಯೂ, ಈ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಒಂದು ಪರ್ಸೆಂಟು. ಹಾಗಾಗಿ ಇವರು ಹಿಡಿಯಬೇಕಾದದ್ದು 71,400.

50 ಲಕ್ಷದ ಹೊಸ್ತಿಲಿಗೂ ಇದೇ ಮಾತು. ಎರಡೂ ಬೆಲೆಗಳು 50 ಲಕ್ಷಕ್ಕಿಂತ ಕೆಳಗಿದ್ದರೆ ಮಾತ್ರ ಟಿಡಿಎಸ್ ಇಲ್ಲ. ಸೈಟನ್ನು 46 ಲಕ್ಷಕ್ಕೆ ಕೊಂಡಿರಿ, ಗೈಡೆನ್ಸ್ ವ್ಯಾಲ್ಯೂ 52 ಲಕ್ಷ ಇದೆ ಅಂದುಕೊಳ್ಳಿ. ನಿಮ್ಮ ಜೇಬಿನಿಂದ 50 ಲಕ್ಷ ಹೋಗಿಯೇ ಇಲ್ಲ. ಆದರೂ 52,000 ಹಿಡಿಯಬೇಕು. ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಗೈಡೆನ್ಸ್ ವ್ಯಾಲ್ಯೂಗಳನ್ನು ಏರಿಸಿದ ಮೇಲೆ ಇಂಥ ಕೇಸುಗಳು ನಮ್ಮ ಟೇಬಲ್ಲಿಗೆ ಜಾಸ್ತಿ ಬರುತ್ತಿವೆ. ಕರಾರಿನಲ್ಲಿರುವ ಬೆಲೆಯನ್ನಷ್ಟೇ ನೋಡಿ "ನಮಗೆ ಬರಲ್ಲ ಬಿಡಿ" ಅಂದುಕೊಂಡಿರುತ್ತಾರೆ.

ಗಂಡ ಒಂದು ಸೂಕ್ಷ್ಮ ಎತ್ತಿದರು. ಗೈಡೆನ್ಸ್ ವ್ಯಾಲ್ಯೂಗೂ ಮಾರಿದ ಬೆಲೆಗೂ ಹತ್ತು ಪರ್ಸೆಂಟ್ ಒಳಗೆ ವ್ಯತ್ಯಾಸವಿದ್ದರೆ ಲೆಕ್ಕಕ್ಕಿಲ್ಲ ಅಂತ ಎಲ್ಲೋ ಓದಿದ್ದರಂತೆ. ಓದಿದ್ದು ನಿಜವೇ, ಆದರೆ ಅದು ಬೇರೆ ಕಡೆಯ ವಿನಾಯಿತಿ. ಮೇಷ್ಟ್ರು ತಮ್ಮ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಅದು ಸಿಗುತ್ತದೆ. 68 ಲಕ್ಷದ ಮೇಲೆ ಹತ್ತು ಪರ್ಸೆಂಟ್ ಸೇರಿಸಿದರೆ 74.8 ಲಕ್ಷ. 71.4 ಅದರೊಳಗೇ ಇದೆ. ಹಾಗಾಗಿ ಅವರ ರಿಟರ್ನ್‌ನಲ್ಲಿ ಮಾರಿದ ಬೆಲೆ 68 ಲಕ್ಷ ಅಂತಲೇ ನಿಲ್ಲುತ್ತದೆ. ಆದರೆ ಕೊಳ್ಳುವವರು ಟಿಡಿಎಸ್ ಹಿಡಿಯುವಾಗ ಈ ರಿಯಾಯಿತಿ ಇಲ್ಲ. ಒಂದೇ ಫ್ಲ್ಯಾಟಿಗೆ ಒಂದೇ ಕಾಯ್ದೆಯಲ್ಲಿ ಎರಡು ಬೆಲೆ. ನನಗೂ ಇದು ಸರಿ ಅನ್ನಿಸುವುದಿಲ್ಲ, ಆದರೆ ಬರೆದಿರುವುದು ಹಾಗೆ.

ಹೊಸ ಫ್ಲ್ಯಾಟನ್ನು ಬಿಲ್ಡರ್ ಹತ್ತಿರ ಕೊಳ್ಳುವವರು ಇನ್ನೊಂದು ಕಡೆ ಎಚ್ಚರವಾಗಿರಬೇಕು. ಬೆಲೆ ಅಂದರೆ ಕೋಷ್ಟಕದ ಮೊದಲ ಸಾಲು ಮಾತ್ರ ಅಲ್ಲ. ಕಾರ್ ಪಾರ್ಕಿಂಗ್, ಕ್ಲಬ್ ಮೆಂಬರ್‌ಶಿಪ್, ಕರೆಂಟು ಮತ್ತು ನೀರಿನ ಸೌಲಭ್ಯದ ಹಣ, ಮುಂಗಡವಾಗಿ ವಸೂಲಿ ಮಾಡುವ ಮೇಂಟೆನೆನ್ಸ್, ಇವೆಲ್ಲ 2019ರ ಸೆಪ್ಟೆಂಬರ್ 1ರಿಂದ ಬೆಲೆಯೊಳಗೇ ಸೇರಿವೆ. ಫ್ಲ್ಯಾಟಿಗೆ 47.5 ಲಕ್ಷ, ಪಾರ್ಕಿಂಗ್‌ಗೆ 3 ಲಕ್ಷ ಅಂತ ಬೇರೆ ಬೇರೆ ಬರೆದರೂ ಕೂಡಿಸಿದರೆ 50.5. ಹೊಸ್ತಿಲು ದಾಟಿತು. ನೀವು ಸರ್ಕಾರಕ್ಕೆ ಕಟ್ಟುವ ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಶುಲ್ಕ ಮಾತ್ರ ಇದರಲ್ಲಿ ಸೇರುವುದಿಲ್ಲ. ಅದು ಮಾರುವವರ ಕೈಗೆ ಹೋಗುವ ದುಡ್ಡಲ್ಲ.

ಆಗ ಆಕೆ ಕೇಳಿದ್ದು ನಾನು ಕಾಯುತ್ತಿದ್ದ ಪ್ರಶ್ನೆ. "ನಾವಿಬ್ಬರೂ ಅರ್ಧರ್ಧ ಕೊಳ್ತಾ ಇದೀವಿ. ತಲಾ 34 ಲಕ್ಷ. ಹಾಗಾದ್ರೆ ಇಬ್ಬರೂ 50ರ ಕೆಳಗೇ ಬಂದ್ವಲ್ಲ?"

ಈ ವಾದಕ್ಕೆ ಒಂದು ಕಾಲದಲ್ಲಿ ಬೆಲೆ ಇತ್ತು. ತೆರಿಗೆ ನ್ಯಾಯಮಂಡಳಿಯ ಮುಂದೆ ಗೆದ್ದವರೂ ಇದ್ದರು. 2024ರ ಅಕ್ಟೋಬರ್ 1ರಿಂದ ಕಾನೂನಿನಲ್ಲೇ ಬರೆದು ಆ ಬಾಗಿಲು ಮುಚ್ಚಿದರು. ಕೊಳ್ಳುವವರು ಎಷ್ಟು ಜನ ಇರಲಿ, ಮಾರುವವರು ಎಷ್ಟು ಜನ ಇರಲಿ, ಎಲ್ಲರೂ ಎಲ್ಲರಿಗೂ ಕೊಡುವ ಒಟ್ಟು ಮೊತ್ತವೇ ಬೆಲೆ. ಅಣ್ಣ ತಮ್ಮಂದಿರು ನಾಲ್ವರು ಸೇರಿ ಅಪ್ಪನ ಮನೆಯನ್ನು 80 ಲಕ್ಷಕ್ಕೆ ಮಾರಿದರೂ ಅದು 80 ಲಕ್ಷದ ಮನೆಯೇ, 20 ಲಕ್ಷದ ನಾಲ್ಕು ಮನೆ ಅಲ್ಲ.

ಒಂದೇ ಒಂದು ದೊಡ್ಡ ವಿನಾಯಿತಿ ಇರುವುದು ಕೃಷಿ ಜಮೀನಿಗೆ. ಅದಕ್ಕೂ ಷರತ್ತು ಇದೆ. ಜಮೀನು ಹಳ್ಳಿಯ ಕಡೆಯದಾಗಿರಬೇಕು. ಪುರಸಭೆ, ನಗರಸಭೆ, ಪಾಲಿಕೆಗಳ ಗಡಿಯೊಳಗೆ ಅಥವಾ ಗಡಿಯಿಂದ ಇಂತಿಷ್ಟು ಕಿಲೋಮೀಟರ್ ಒಳಗೆ ಇದ್ದರೆ ಪಹಣಿಯಲ್ಲಿ ರಾಗಿ ಅಂತ ಬರೆದಿದ್ದರೂ ಪ್ರಯೋಜನವಿಲ್ಲ. ಊರಿನ ಜನಸಂಖ್ಯೆ ಹತ್ತು ಲಕ್ಷ ದಾಟಿದ್ದರೆ ಆ ದೂರ 8 ಕಿಲೋಮೀಟರ್, ಅದೂ ರಸ್ತೆಯ ಲೆಕ್ಕವಲ್ಲ, ಹಕ್ಕಿ ಹಾರುವ ನೇರ ದೂರ. ಇನ್ನು ಕನ್ವರ್ಷನ್ ಆಗಿರುವ ಜಮೀನು ಕೃಷಿ ಜಮೀನೇ ಅಲ್ಲ.

ಈಗ ಇವರ ನಿಜವಾದ ಸಮಸ್ಯೆಗೆ ಬರೋಣ. ಟಿಡಿಎಸ್ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದರಲ್ಲಿ ಜಾಸ್ತಿ ಜನ ದಂಡ ತೆರುತ್ತಾರೆ. ಮೇ 12ಕ್ಕೆ ಇವರು ಮೇಷ್ಟ್ರಿಗೆ 5 ಲಕ್ಷ ಮುಂಗಡ ಕೊಟ್ಟಿದ್ದರು. ಜೂನ್ 10ಕ್ಕೆ ಇನ್ನೂ 10 ಲಕ್ಷ. ಮಿಕ್ಕ 53 ಲಕ್ಷ ಜುಲೈ 18ಕ್ಕೆ, ರಿಜಿಸ್ಟ್ರೇಷನ್ ದಿನ, ಬ್ಯಾಂಕ್ ಸಾಲದಿಂದ. ಟಿಡಿಎಸ್ ಏನಿದ್ದರೂ ರಿಜಿಸ್ಟ್ರೇಷನ್ ದಿನದ ಕೆಲಸ ಅಂತ ಅಂದುಕೊಂಡಿದ್ದರು. ಅದು ಹಾಗಲ್ಲ. ಪ್ರತಿ ಸಲ ದುಡ್ಡು ಕೊಡುವಾಗಲೂ, ಮುಂಗಡವಾದರೂ ಸರಿ, ಆ ಕಂತಿನ ಒಂದು ಪರ್ಸೆಂಟನ್ನು ಆಗಲೇ ಮುರಿದುಕೊಳ್ಳಬೇಕು.

ಮೇ ತಿಂಗಳಲ್ಲಿ ಅವರು ಮಾಡಬೇಕಿದ್ದದ್ದು ಇಷ್ಟು. 5,00,000ದಲ್ಲಿ 5,000 ಹಿಡಿದುಕೊಂಡು ಮೇಷ್ಟ್ರ ಖಾತೆಗೆ 4,95,000 ಹಾಕುವುದು. ಆ 5,000ವನ್ನು ಅವರ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವುದು. ಆಗಲೂ ಮೇಷ್ಟ್ರಿಗೆ 5 ಲಕ್ಷ ಸಂದಂತೆಯೇ ಲೆಕ್ಕ. ಜೂನ್‌ನಲ್ಲಿ ಅದೇ ರೀತಿ 10,000 ಹಿಡಿದು 9,90,000. ಕೊನೆಯ ಕಂತಿನಲ್ಲಿ ಗೈಡೆನ್ಸ್ ವ್ಯಾಲ್ಯೂ ವ್ಯತ್ಯಾಸ ಸರಿಹೋಗುತ್ತದೆ. 71,40,000ದಲ್ಲಿ ಹಿಂದೆ ಕೊಟ್ಟ 15 ಲಕ್ಷ ಕಳೆದರೆ 56,40,000. ಅದರ ಒಂದು ಪರ್ಸೆಂಟು 56,400. ಹೀಗೆ 5,000, 10,000, 56,400 ಮೂರೂ ಕೂಡಿದರೆ 71,400.

ಇವರು ಮೊದಲ ಎರಡು ಸಲ ಏನೂ ಹಿಡಿಯದೆ ಪೂರ್ತಿ ದುಡ್ಡು ಕೊಟ್ಟುಬಿಟ್ಟಿದ್ದರು. ಅದೃಷ್ಟಕ್ಕೆ ಇನ್ನೂ 53 ಲಕ್ಷ ಬಾಕಿ ಇತ್ತು. ಕೊಡಬೇಕಾದ ದುಡ್ಡು ಕೈಯಲ್ಲಿ ಇರುವವರೆಗೆ ತಪ್ಪನ್ನು ಸರಿಮಾಡಬಹುದು. ಜುಲೈ 18ರ ಕಂತಿನಲ್ಲೇ ಮೂರೂ ಕಂತುಗಳ 71,400 ಹಿಡಿದು ಮೇಷ್ಟ್ರಿಗೆ 52,28,600 ಕೊಡುವುದು ಅಂತ ತೀರ್ಮಾನಿಸಿದೆವು. ಬ್ಯಾಂಕಿಗೂ ಮೊದಲೇ ಹೇಳಿ ಡಿಡಿಯನ್ನು ಅಷ್ಟಕ್ಕೇ ಮಾಡಿಸಿದೆವು. ಇದನ್ನು ಮರೆತು 53 ಲಕ್ಷದ ಡಿಡಿ ಮಾಡಿಸಿದ್ದರೆ ತೆರಿಗೆ ಇವರ ಕೈಯಿಂದ ಹೋಗುತ್ತಿತ್ತು. ಕ್ರಯಪತ್ರ ಆದ ಮೇಲೆ "ಮೇಷ್ಟ್ರೇ, 71,400 ವಾಪಸ್ ಕೊಡಿ" ಅಂತ ಕೇಳುವುದು ಸುಲಭದ ಮಾತಲ್ಲ.

ತಡವಾದದ್ದಕ್ಕೆ ಬಡ್ಡಿ ಎಷ್ಟು? ಇಲ್ಲಿ ಎರಡು ಬಗೆಯ ತಪ್ಪುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಹಿಡಿಯಬೇಕಾದಾಗ ಹಿಡಿಯದೆ ಬಿಟ್ಟದ್ದು. ಇನ್ನೊಂದು, ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟದೆ ಇಟ್ಟುಕೊಂಡದ್ದು.

ನಮ್ಮ ದಂಪತಿಯದು ಮೊದಲನೆಯದು. ಅದಕ್ಕೆ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ, ತಿಂಗಳಲ್ಲಿ ಒಂದು ದಿನ ಸೇರಿದರೂ ಪೂರ್ತಿ ತಿಂಗಳು. ಮೇ 12ರಿಂದ ಜುಲೈ 18ಕ್ಕೆ ಮೂರು ತಿಂಗಳು, 5,000ಕ್ಕೆ 150 ರೂಪಾಯಿ. ಜೂನ್ 10ರಿಂದ ಎರಡು ತಿಂಗಳು, 10,000ಕ್ಕೆ 200. ಒಟ್ಟು 350 ರೂಪಾಯಿ. ಇದನ್ನು ಕೊಳ್ಳುವವರೇ ಕಟ್ಟಬೇಕು, ಮೇಷ್ಟ್ರ ದುಡ್ಡಿನಿಂದ ಮುರಿಯುವ ಹಾಗಿಲ್ಲ. ಕಟ್ಟುವ ಗಡುವು ನಡೆಯುವುದು ಹಿಡಿದ ತಿಂಗಳಿನ ಮೇಲೆ. ಆ ತಿಂಗಳು ಮುಗಿದ ಮೇಲೆ 30 ದಿನ. ಜುಲೈನಲ್ಲಿ ಹಿಡಿದದ್ದಕ್ಕೆ ಆಗಸ್ಟ್ 30ರವರೆಗೆ ಸಮಯ. ಹಾಗಾಗಿ ಇವರಿಗೆ ತಡ ಶುಲ್ಕದ ಪ್ರಶ್ನೆ ಬರಲಿಲ್ಲ.

ಎರಡನೆಯ ತಪ್ಪು ದುಬಾರಿ. ಇವರೇ ಮೇ 12ಕ್ಕೆ 4,95,000 ಕೊಟ್ಟು, ಹಿಡಿದ 5,000ವನ್ನು "ಎಲ್ಲಾ ಒಟ್ಟಿಗೆ ಕಟ್ಟೋಣ" ಅಂತ ತಮ್ಮ ಖಾತೆಯಲ್ಲೇ ಇಟ್ಟುಕೊಂಡು ಆಗಸ್ಟ್ 20ಕ್ಕೆ ಕಟ್ಟಿದ್ದರೆ ಏನಾಗುತ್ತಿತ್ತು? ಬಡ್ಡಿ ತಿಂಗಳಿಗೆ 1.5 ಪರ್ಸೆಂಟ್, ನಾಲ್ಕು ತಿಂಗಳಿಗೆ 300 ರೂಪಾಯಿ. ಅದು ಹೋಗಲಿ. ಗಡುವು ಜೂನ್ 30ಕ್ಕೇ ಮುಗಿದಿತ್ತು, 51 ದಿನ ತಡ. ದಿನಕ್ಕೆ 200 ರೂಪಾಯಿ ತಡ ಶುಲ್ಕ. ಶುಲ್ಕ ತೆರಿಗೆಯ ಮೊತ್ತವನ್ನು ಮೀರುವ ಹಾಗಿಲ್ಲ, ಅದೊಂದೇ ಸಮಾಧಾನ. 5,000 ತೆರಿಗೆಗೆ 5,000 ಶುಲ್ಕ, ಅಂದರೆ ಡಬಲ್. ಬೇರೆಯವರ ದುಡ್ಡು ಹಿಡಿದಿಟ್ಟುಕೊಂಡದ್ದಕ್ಕೆ ಕಾನೂನಿನ ಸಿಟ್ಟು ಜಾಸ್ತಿ. ನಾನು ನೋಡಿದ ನೋಟೀಸುಗಳಲ್ಲಿ ಹೆಚ್ಚಿನವು ಹೀಗೆ ಬಂದವೇ. ಒಳ್ಳೆಯ ಮನಸ್ಸಿನಿಂದ ಹಿಡಿದು, ಸೋಮಾರಿತನದಿಂದ ಕಟ್ಟದೆ ಬಿಟ್ಟವು.

ಹಾಗಂತ ಹಿಡಿದ ದಿನಾಂಕವನ್ನು ಅನುಕೂಲಕ್ಕೆ ತಕ್ಕಂತೆ ಬರೆಯಬಾರದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ 4,95,000 ಹೋಗಿದೆಯೋ 5,00,000 ಹೋಗಿದೆಯೋ ಅನ್ನುವುದೇ ಸಾಕ್ಷಿ.

ಜುಲೈ 18ಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕೂತಿದ್ದಾಗ ಮೇಷ್ಟ್ರು ಕನ್ನಡಕ ಏರಿಸಿ ಡಿಡಿ ನೋಡಿದರು. "ಇದ್ಯಾಕಮ್ಮಾ ಕಡಿಮೆ ಇದೆ?" ಆಕೆ ವಿವರಿಸಿದರು. ಮೇಷ್ಟ್ರು ಚೀಲದಿಂದ ಒಂದು ಹಾಳೆ ತೆಗೆದರು. ಬ್ಯಾಂಕಿನಲ್ಲಿ ಎಫ್‌ಡಿ ಬಡ್ಡಿಗೆ ಪ್ರತಿ ವರ್ಷ ಕೊಡುವ ಹಿರಿಯ ನಾಗರಿಕರ 15ಎಚ್ ಫಾರಂ. "ಇದನ್ನ ಕೊಟ್ರೆ ಹಿಡಿಯಲ್ವಂತಲ್ಲ?"

ಆಸ್ತಿ ಮಾರಾಟಕ್ಕೆ 15ಎಚ್ ನಡೆಯುವುದಿಲ್ಲ. ಕಡಿಮೆ ಹಿಡಿಯಿರಿ ಅಂತ ಆದಾಯ ತೆರಿಗೆ ಅಧಿಕಾರಿಯಿಂದ ತರುವ ಸರ್ಟಿಫಿಕೇಟಿಗೂ 194-ಐಎ ಕಲಮಿನಲ್ಲಿ ಅವಕಾಶ ಇರಲಿಲ್ಲ. ಮಾರುವವರಿಗೆ ಲಾಭವೇ ಆಗದಿರಲಿ, ನಷ್ಟಕ್ಕೇ ಮಾರಿರಲಿ, ಒಂದು ಪರ್ಸೆಂಟ್ ಹಿಡಿಯಲೇಬೇಕು. ಯಾಕೆಂದರೆ ಇದನ್ನು ಲೆಕ್ಕ ಹಾಕುವುದು ಬೆಲೆಯ ಮೇಲೆ, ಲಾಭದ ಮೇಲೆ ಅಲ್ಲ. ಲಾಭ ಎಷ್ಟು ಅನ್ನುವುದು ಕೊಳ್ಳುವವರಿಗೆ ಗೊತ್ತಿರುವುದೂ ಇಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮೇಷ್ಟ್ರು ರಿಟರ್ನ್ ಹಾಕುವಾಗ ತಮ್ಮ ನಿಜವಾದ ತೆರಿಗೆ ಲೆಕ್ಕ ಮಾಡಿ ಅದರಲ್ಲಿ ಈ 71,400 ಕಳೆಯಬಹುದು. ತೆರಿಗೆ ಅದಕ್ಕಿಂತ ಕಡಿಮೆ ಬಂದರೆ ಮಿಕ್ಕದ್ದು ರೀಫಂಡ್. "ಅಂದ್ರೆ ನನ್ನ ಹೆಸರಲ್ಲೇ ಜಮಾ ಆಗಿರತ್ತೆ ಅನ್ನಿ" ಅಂದರು. ಅಷ್ಟೇ ವಿಷಯ. ಆ ಮೇಲೆ ನಗುತ್ತಾ ಸಹಿ ಹಾಕಿದರು.

ಅವರ ಹೆಸರಿನಲ್ಲಿ ಜಮಾ ಆಗಬೇಕಾದರೆ ಫಾರಂ ಸರಿಯಾಗಿ ತುಂಬಬೇಕು. ಆಗ ಅದರ ಹೆಸರು 26QB. ಚಲನ್ನೂ ಅದೇ, ಲೆಕ್ಕಪತ್ರವೂ ಅದೇ. ಟಿಡಿಎಸ್ ಹಿಡಿಯುವ ಕಂಪನಿಗಳು ತೆಗೆದುಕೊಳ್ಳುವ ಟ್ಯಾನ್ ನಂಬರ್ ಬೇಡ, ಎರಡೂ ಕಡೆಯ ಪ್ಯಾನ್ ಇದ್ದರೆ ಸಾಕು. ಆದಾಯ ತೆರಿಗೆ ಪೋರ್ಟಲ್‌ಗೆ ಕೊಳ್ಳುವವರ ಪ್ಯಾನ್‌ನಿಂದ ಲಾಗಿನ್ ಆಗಿ `e-File`, ಅದರಲ್ಲಿ `e-Pay Tax`, ಅಲ್ಲಿಂದ `New Payment` ಒತ್ತಿದರೆ ಬೇರೆ ಬೇರೆ ತೆರಿಗೆಗಳ ನಡುವೆ 26QB ಕಾಣುತ್ತದೆ.

ಒಬ್ಬ ಕೊಳ್ಳುವವರು, ಒಬ್ಬ ಮಾರುವವರು, ಒಂದು ಕಂತು: ಇದಕ್ಕೆ ಒಂದು ಫಾರಂ. ಇವರ ಲೆಕ್ಕದಲ್ಲಿ ಕೊಳ್ಳುವವರು ಇಬ್ಬರು, ಕಂತು ಮೂರು. ಹಾಗಾಗಿ ಆರು ಫಾರಂ. ಗಂಡನ ಲಾಗಿನ್‌ನಿಂದ ಮೂರು, ಹೆಂಡತಿಯ ಲಾಗಿನ್‌ನಿಂದ ಮೂರು. ಒಬ್ಬೊಬ್ಬರದೂ 2,500, 5,000, 28,200. ಒಬ್ಬರ ಪಾಲು 35,700, ಇಬ್ಬರದೂ ಸೇರಿ 71,400. ಮೇಷ್ಟ್ರ ಜೊತೆ ಅವರ ಶ್ರೀಮತಿಯೂ ಮಾಲೀಕರಾಗಿದ್ದರೆ ಹನ್ನೆರಡು ಫಾರಂ ಆಗುತ್ತಿತ್ತು. ಗಂಡನ ಹೆಸರಿನಲ್ಲೇ ಎಲ್ಲಾ ಕಟ್ಟಿಬಿಡುವವರು ಇದ್ದಾರೆ. ದುಡ್ಡು ಸರ್ಕಾರಕ್ಕೆ ಸೇರಿರುತ್ತದೆ, ಆದರೆ ಹೆಂಡತಿ ಕೊಂಡ ಅರ್ಧಕ್ಕೆ ಯಾರೂ ಹಿಡಿದಿಲ್ಲ ಅಂತ ದಾಖಲೆ ಹೇಳುತ್ತದೆ.

ಜುಲೈ 21ರ ಸಂಜೆ ಆಫೀಸಿನಲ್ಲೇ ಕೂತು ಆರನ್ನೂ ತುಂಬಿದೆವು. ಕಂತಿನಲ್ಲಿ ಕೊಟ್ಟದ್ದೋ ಒಂದೇ ಸಲವೋ ಅಂತ ಫಾರಂ ಕೇಳುತ್ತದೆ. ಕಂತು ಅಂದರೆ, ಇದು ಕೊನೆಯದೋ ಅಂತ ಕೇಳುತ್ತದೆ. ಕೊನೆಯದು ಅಂತ ಒತ್ತಿದಾಗಲೇ ಗೈಡೆನ್ಸ್ ವ್ಯಾಲ್ಯೂ ವ್ಯತ್ಯಾಸ ಲೆಕ್ಕಕ್ಕೆ ಬರುವುದು. ದುಡ್ಡು ಕೊಟ್ಟ ದಿನ, ತೆರಿಗೆ ಹಿಡಿದ ದಿನ ಅಂತ ಎರಡು ಬೇರೆ ದಿನಾಂಕ ಕೇಳುತ್ತದೆ. ಮೊದಲ ಕಂತಿನ ಫಾರಂನಲ್ಲಿ ಕೊಟ್ಟ ದಿನ ಮೇ 12, ಹಿಡಿದ ದಿನ ಜುಲೈ 18. ಬಡ್ಡಿಯ ಖಾನೆಯಲ್ಲಿ ಒಬ್ಬೊಬ್ಬರಿಗೆ 75 ರೂಪಾಯಿ. ಎರಡನೆಯ ಕಂತಿನದಕ್ಕೆ ತಲಾ 100.

ಮೇಷ್ಟ್ರ ಪ್ಯಾನ್ ಹಾಕುವಾಗ ನಾನು ಎರಡು ಸಲ ಓದಿಸುತ್ತೇನೆ. ಒಂದು ಅಕ್ಷರ ತಪ್ಪಿದರೆ 71,400 ಯಾರೋ ಗೊತ್ತಿಲ್ಲದವರ ಲೆಕ್ಕಕ್ಕೆ ಹೋಗುತ್ತದೆ. ಇಲಾಖೆಯ ಟಿಡಿಎಸ್ ಲೆಕ್ಕಗಳಿರುವ ಟ್ರೇಸಸ್ ವೆಬ್‌ಸೈಟಿನಲ್ಲಿ ತಿದ್ದುಪಡಿ ಮಾಡಬಹುದು, ಆದರೆ ಪ್ಯಾನ್ ಬದಲಾಯಿಸುವುದು ವಿಳಾಸ ತಿದ್ದಿದಷ್ಟು ಸಲೀಸಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮಾರುವವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಒಂದು ಪರ್ಸೆಂಟ್ ಅಲ್ಲ, 20 ಪರ್ಸೆಂಟ್ ಹಿಡಿಯಬೇಕು. ಈ ಫ್ಲ್ಯಾಟಿಗೆ ಅದು 14,28,000 ಆಗುತ್ತಿತ್ತು! 1 ಪರ್ಸೆಂಟ್ ಹಿಡಿದು ಸುಮ್ಮನಿದ್ದ ಎಷ್ಟೋ ಕೊಳ್ಳುವವರಿಗೆ ಮಿಕ್ಕ 19 ಪರ್ಸೆಂಟ್ ಕಟ್ಟಿ ಅಂತ ನೋಟೀಸ್ ಬಂದಿತ್ತು. ಆಮೇಲೆ ಇಲಾಖೆ ಕೆಲವು ಅವಧಿಯ ವ್ಯವಹಾರಗಳಿಗೆ ಸುತ್ತೋಲೆ ಹೊರಡಿಸಿ ರಿಯಾಯಿತಿ ಕೊಟ್ಟಿತು. ಅದನ್ನು ನಂಬಿ ಕೂರುವುದಕ್ಕಿಂತ, ಮುಂಗಡ ಕೊಡುವ ಮುಂಚೆಯೇ ಪೋರ್ಟಲ್‌ನಲ್ಲಿ ಮಾರುವವರ ಪ್ಯಾನ್ ಚಾಲ್ತಿಯಲ್ಲಿದೆಯಾ ಅಂತ ನೋಡಿಬಿಡುವುದು ಎರಡು ನಿಮಿಷದ ಕೆಲಸ.

ಮೇಷ್ಟ್ರು ಊರಲ್ಲೇ ಇರುವವರು, ಆ ತಲೆನೋವು ಇರಲಿಲ್ಲ. ಮಾರುವವರು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ ಎನ್‌ಆರ್‌ಐ ಆಗಿದ್ದರೆ ಇಲ್ಲಿ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಅವರಿಗೆ 50 ಲಕ್ಷದ ಮಿತಿಯೂ ಇಲ್ಲ, ಒಂದು ಪರ್ಸೆಂಟೂ ಇಲ್ಲ. ಹಿಡಿಯುವ ದರ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ, 26QB ಅದಕ್ಕೆ ಫಾರಂ ಅಲ್ಲ. ಪಾಸ್‌ಪೋರ್ಟ್ ಭಾರತದ್ದೇ ಅನ್ನುವುದನ್ನು ನೋಡಿ ಮೋಸಹೋಗಬಾರದು. ಆ ವರ್ಷ ಅವರು ಇಲ್ಲಿ ಎಷ್ಟು ದಿನ ಇದ್ದರು ಅನ್ನುವುದು ಮುಖ್ಯ. ದುಡ್ಡನ್ನು ಎನ್‌ಆರ್‌ಒ ಖಾತೆಗೆ ಹಾಕಿ ಅಂದರೆ ಅಲ್ಲೇ ನಿಂತು, ಮುಂಗಡ ಕೊಡುವ ಮುಂಚೆ ಆಡಿಟರನ್ನು ಕೇಳಿ.

ದುಡ್ಡು ಕಟ್ಟಿದ ಕೆಲವು ದಿನಗಳಲ್ಲಿ ಟ್ರೇಸಸ್‌ನಲ್ಲಿ ತೆರಿಗೆ ಹಿಡಿದದ್ದಕ್ಕೆ 16B ಸರ್ಟಿಫಿಕೇಟ್ ಸಿದ್ಧವಾಗುತ್ತದೆ. ಅದನ್ನು ಇಳಿಸಿಕೊಂಡು, 26QBಯ ಗಡುವಿನಿಂದ 15 ದಿನದೊಳಗೆ ಮಾರುವವರಿಗೆ ಕೊಡಬೇಕು. ಎಷ್ಟೋ ಜನ ಚಲನ್ ಸಿಕ್ಕಿತಲ್ಲ ಅಂತ ಇದನ್ನು ಮರೆಯುತ್ತಾರೆ. ಇವರು ಮರೆಯಲಿಲ್ಲ. ಆಗಸ್ಟ್ ಮೊದಲ ವಾರ ಆರು ಹಾಳೆ ಪ್ರಿಂಟ್ ತೆಗೆದು ಮೇಷ್ಟ್ರಿಗೆ ಕೊಟ್ಟುಬಂದರು. ಅದಕ್ಕೂ ಮೊದಲೇ ಮೇಷ್ಟ್ರ ಮಗ ಪೋರ್ಟಲ್‌ನಲ್ಲಿ ಅಪ್ಪನ ಹೆಸರಿನಲ್ಲಿ ಜಮಾ ಆದ ತೆರಿಗೆಯ ಪಟ್ಟಿ 26AS ತೆರೆದು ತೋರಿಸಿದ್ದನಂತೆ. ಬೆಳಿಗ್ಗೆ ಏಳಕ್ಕೇ ಆಕೆಗೆ ಫೋನು.

"ಏನಮ್ಮಾ, ಒಂದು ಸಲ ಹಿಡೀತೀವಿ ಅಂದಿದ್ರಿ. ಇಲ್ಲಿ ನೋಡಿದ್ರೆ ಆರು ಸಲ ಹಿಡಿದಿದ್ದೀರಲ್ಲ!"

ಆಕೆ ಫೋನಿನಲ್ಲೇ ಒಂದೊಂದು ಸಾಲನ್ನೂ ಓದಿಸಿ ಕೂಡಿಸಿದರು. ಎರಡೂವರೆ ಸಾವಿರ ಎರಡು, ಐದು ಸಾವಿರ ಎರಡು, ಇಪ್ಪತ್ತೆಂಟು ಸಾವಿರದ ಇನ್ನೂರು ಎರಡು. ಮೇಷ್ಟ್ರು ಕಾಗದದ ಮೇಲೆ ಬರೆದುಕೊಂಡು ತಾವೇ ಇನ್ನೊಂದು ಸಲ ಕೂಡಿಸಿದರು. ಆಮೇಲೆ "ಸರಿ, ತಾಳೆ ಆಯ್ತು" ಅಂತ ಫೋನಿಟ್ಟರು.